3-ಮೆಥೈಲ್-1-ಬ್ಯೂಟೀನ್‌ಗೆ HBr: ಮಾರ್ಕೋವ್‌ನಿಕೋವ್ ಪ್ರಕಾರವೇ ಬರೆದೆ, ಆದ್ರೂ ತಪ್ಪು ಅಂತಾರೆ

ರಾತ್ರಿದೀಪ

ಎಲ್ಲರಿಗೂ ನಮಸ್ಕಾರ. ನಿನ್ನೆಯ ಟೆಸ್ಟ್‌ನಲ್ಲಿ ಒಂದು ಪ್ರಶ್ನೆಗೆ ಅಂಕ ಹೋಯ್ತು. ಅರ್ಧ ರಾತ್ರಿ ಕೂತು ನೋಡಿದರೂ ನನ್ನ ತಪ್ಪು ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಪ್ರಶ್ನೆ ಇಷ್ಟೇ: 3-ಮೆಥೈಲ್-1-ಬ್ಯೂಟೀನ್‌ಗೆ HBr ಸೇರಿಸಿದರೆ ಮೇಜರ್ ಪ್ರಾಡಕ್ಟ್ ಯಾವುದು? ನಾಲ್ಕು ಆಯ್ಕೆ ಇದ್ದವು.

```
(A) 1-bromo-3-methylbutane
(B) 2-bromo-3-methylbutane
(C) 2-bromo-2-methylbutane
(D) 1-bromo-2-methylbutane
```

ನಾನು ಬಿ ಬರೆದೆ. ಉತ್ತರ ಸಿ ಅಂತೆ. ಡಬಲ್ ಬಾಂಡ್ ಇರೋದು ಒಂದನೇ ಮತ್ತು ಎರಡನೇ ಕಾರ್ಬನ್ ನಡುವೆ. H ಜಾಸ್ತಿ ಇರುವ ಕಾರ್ಬನ್‌ಗೆ H ಹೋಗುತ್ತೆ, ಇನ್ನೊಂದಕ್ಕೆ Br. ಅಂದ್ರೆ Br ಎರಡನೇ ಕಾರ್ಬನ್‌ಗೆ. ಮೂರನೇ ಕಾರ್ಬನ್ ಈ ಡಬಲ್ ಬಾಂಡ್‌ನಲ್ಲೇ ಇಲ್ಲ! ಅಲ್ಲಿಗೆ Br ಹೇಗೆ ಹೋಯ್ತು? ಉತ್ತರ ಪತ್ರಿಕೆಯಲ್ಲೇ ತಪ್ಪಿರಬಹುದಾ?

ಅವಸರದ ಅಣು

ಇದು ಪೆರಾಕ್ಸೈಡ್ ಎಫೆಕ್ಟ್ ಪ್ರಶ್ನೆ. HBr ಅಂದ ತಕ್ಷಣ ಅದನ್ನೇ ಯೋಚಿಸಬೇಕು. ಮಾರ್ಕೋವ್‌ನಿಕೋವ್‌ಗೆ ಉಲ್ಟಾ ಆಗುತ್ತೆ, Br ತುದಿಗೆ ಹೋಗುತ್ತೆ. ಉತ್ತರ ಎ. ಸಿ ಅಂತ ಕೊಟ್ಟಿದ್ದರೆ ಅದು ಪ್ರಿಂಟ್ ಮಿಸ್ಟೇಕ್.

ರಾತ್ರಿದೀಪ

ಪ್ರಶ್ನೆಯಲ್ಲಿ ಪೆರಾಕ್ಸೈಡ್ ಇಲ್ವಲ್ಲ. ಬರೀ HBr ಅಂತಿದೆ. ಇನ್ನೊಂದು ಸಲ ನೋಡಿದೆ, ಇಲ್ಲ.

ಅವಸರದ ಅಣು

ಓಹ್. ನಾನು ಆಯ್ಕೆ ಎ ನೋಡಿ ಹಾಗೆ ಅಂದುಕೊಂಡೆ.

ಸೂತ್ರಧಾರಿ

ಹೈಡ್ರೈಡ್ ಶಿಫ್ಟ್ ಇದು. ಪಕ್ಕದ ಕಾರ್ಬನ್‌ಗೆ ಜಾಸ್ತಿ ಕೊಂಬೆ ಇದ್ದರೆ ಯಾವಾಗಲೂ ಶಿಫ್ಟ್ ಆಗುತ್ತೆ, Br ಕೊಂಬೆ ಜಾಗಕ್ಕೇ ಹೋಗುತ್ತೆ. ಇದೊಂದು ರೂಲ್ ನೆನಪಿಟ್ಟುಕೊಳ್ಳಿ ಸಾಕು: ಆಲ್ಕೀನ್ ಪಕ್ಕದಲ್ಲಿ ಕೊಂಬೆ ಕಂಡರೆ ಕಣ್ಣು ಮುಚ್ಚಿ ಅಲ್ಲಿಗೆ ಹಾಕಿ. ನಾನು ಹೀಗೇ ಮಾಡೋದು, ಇಲ್ಲಿವರೆಗೆ ಸರಿಯಾಗೇ ಬಂದಿದೆ.

ಹಳೇ ಡಸ್ಟರ್

ಸೂತ್ರಧಾರಿ ಅವರ ಉತ್ತರ ಸರಿ. ಆದರೆ ಆ ರೂಲ್ ಮಾತ್ರ ಬೇಡ, ಯಾಕೆ ಅಂತ ಆಮೇಲೆ ಹೇಳ್ತೀನಿ. ರಾತ್ರಿದೀಪ, ಮೊದಲು ಒಂದು ಕೇಳಬೇಕು. ನಿಮ್ಮ ರಫ್ ಹಾಳೆಯಲ್ಲಿ ಏನು ಬರೆದಿದ್ದಿರಿ? ಈಗ ತಿದ್ದಿದ್ದಲ್ಲ, ಟೆಸ್ಟ್‌ನಲ್ಲಿ ಬರೆದದ್ದು.

ರಾತ್ರಿದೀಪ

ಸರ್, ಇದ್ದದ್ದು ಇಷ್ಟೇ:

```
CH2=CH-CH(CH3)2  + HBr  →  CH3-CHBr-CH(CH3)2
```

ಹಳೇ ಡಸ್ಟರ್

ಇಲ್ಲೇ ಇದೆ ನೋಡಿ. ಎಡಗಡೆ ಆಲ್ಕೀನ್, ಬಲಗಡೆ ಬ್ರೋಮೈಡ್, ಮಧ್ಯೆ ಒಂದು ಬಾಣ. ಆ ಬಾಣದೊಳಗೆ ಏನು ನಡೀತು ಅನ್ನೋದು ಹಾಳೆ ಮೇಲೆ ಬರಲೇ ಇಲ್ಲ. H ಮತ್ತು Br ಒಟ್ಟಿಗೆ ಬಂದು ಡಬಲ್ ಬಾಂಡ್‌ನ ಎರಡು ತುದಿಗೆ ಕೂತವು ಅಂತ ನೀವು ಅಂದುಕೊಂಡಿದ್ದೀರಿ. ಅವು ಒಟ್ಟಿಗೆ ಬರೋದಿಲ್ಲ. ಮೊದಲು H ಬರುತ್ತೆ, Br ಆಮೇಲೆ ಬರುತ್ತೆ. ಆ ನಡುವಿನ ಗಳಿಗೆಯಲ್ಲಿ ಒಂದು ಕಾರ್ಬೊಕ್ಯಾಟಯಾನ್ ಇರುತ್ತೆ. ನೀವು ಬರೆಯದೇ ಬಿಟ್ಟದ್ದು ಅದನ್ನೇ.

ಈಗ ನಿಧಾನಕ್ಕೆ ಬರೆಯೋಣ. ಡಬಲ್ ಬಾಂಡ್‌ನ ಎಲೆಕ್ಟ್ರಾನ್ ಜೋಡಿ HBr ನ H ಅನ್ನು ಹಿಡಿಯುತ್ತೆ. H ಒಂದನೇ ಕಾರ್ಬನ್‌ಗೆ ಹೋಗುತ್ತೆ, ಪ್ಲಸ್ ಎರಡನೇ ಕಾರ್ಬನ್ ಮೇಲೆ ಉಳಿಯುತ್ತೆ. ಇಲ್ಲಿವರೆಗೆ ನೀವು ಹೇಳಿದ್ದು ಪೂರ್ತಿ ಸರಿ.

```
CH3-CH(+)-CH(CH3)2  + Br(-)
```

ಇಲ್ಲಿ ಪೆನ್ನು ನಿಲ್ಲಿಸಿ. ಪ್ಲಸ್ ಇರುವ ಕಾರ್ಬನ್‌ಗೆ ಎರಡು ಕಾರ್ಬನ್ ಅಂಟಿಕೊಂಡಿವೆ, ಅಂದ್ರೆ ಸೆಕೆಂಡರಿ. ಬಲಗಡೆ ಪಕ್ಕದ ಕಾರ್ಬನ್ ನೋಡಿ. ಅದರ ಮೇಲೆ ಎರಡು ಮೆಥೈಲ್, ಒಂದು H. ಆ H ತನ್ನ ಬಾಂಡ್‌ನ ಎರಡೂ ಎಲೆಕ್ಟ್ರಾನ್ ಹೊತ್ತುಕೊಂಡು ಪಕ್ಕಕ್ಕೆ ಸರಿದರೆ ಪ್ಲಸ್ ಮೂರನೇ ಕಾರ್ಬನ್‌ಗೆ ಬರುತ್ತೆ.

```
CH3-CH2-C(+)(CH3)2
```

ಇದು ಟರ್ಷಿಯರಿ. ಮೊದಲಿನದಕ್ಕಿಂತ ಸಾಕಷ್ಟು ಆರಾಮಾಗಿರುವ ಕ್ಯಾಟಯಾನ್. ಈಗ Br ಬಂದು ಕೂತರೆ ಸಿಗೋದು 2-ಬ್ರೋಮೊ-2-ಮೆಥೈಲ್‌ಬ್ಯೂಟೇನ್, ನಿಮ್ಮ ಸಿ. ಮೂರನೇ ಕಾರ್ಬನ್ ಡಬಲ್ ಬಾಂಡ್‌ನಲ್ಲಿ ಇರಲಿಲ್ಲ ಅಂದಿರಲ್ಲ, ನಿಜ. ಆದರೆ Br ಬರುವ ಹೊತ್ತಿಗೆ ಡಬಲ್ ಬಾಂಡೇ ಇಲ್ಲ. Br ಗೆ ಕಾಣೋದು ಪ್ಲಸ್ ಎಲ್ಲಿದೆ ಅನ್ನೋದೊಂದೇ.

ರಾತ್ರಿದೀಪ

ಅಯ್ಯೋ. ಕ್ಯಾಟಯಾನ್ ಬರೆದಿದ್ದರೆ ಪಕ್ಕದಲ್ಲಿ ಟರ್ಷಿಯರಿ ಕಾಣಿಸ್ತಿತ್ತು. ಸರ್, ಎರಡು ಅನುಮಾನ. ಒಂದು, H ಸರಿಯೋವಾಗ H⁺ ಆಗಿ ಹೋಗಲ್ವಾ? ಎರಡು, ಮೂರನೇ ಕಾರ್ಬನ್ ಮೇಲೆ ಮೆಥೈಲ್ ಕೂಡ ಇದೆ. ಅದು ಯಾಕೆ ಸರಿಯಬಾರದು?

ಹಳೇ ಡಸ್ಟರ್

ಮೊದಲನೆಯದು. H⁺ ಆಗಿ ಹೋದರೆ ಅದರ ಎಲೆಕ್ಟ್ರಾನ್ ಜೋಡಿ ಮೂರನೇ ಕಾರ್ಬನ್ ಹತ್ತಿರವೇ ಉಳಿಯುತ್ತೆ. ಉಳಿದ ಜೋಡಿ ಪಕ್ಕದ ಪ್ಲಸ್ ಜೊತೆ ಸೇರಿ ಡಬಲ್ ಬಾಂಡ್ ಆಗುತ್ತೆ, ಅಂದ್ರೆ ಮತ್ತೆ ಆಲ್ಕೀನ್. ಅದು ಬೇರೆ ಕಥೆ. ಇಲ್ಲಿ H ಹೋಗೋದು ಜೋಡಿ ಸಮೇತ, ಅದಕ್ಕೇ ಅದನ್ನು ಹೈಡ್ರೈಡ್ ಅನ್ನೋದು. ಬಾಣ ಹಾಕುವಾಗ ಅದರ ಬಾಲ C–H ಬಾಂಡ್ ಮೇಲೆ ಇರಬೇಕು, ತಲೆ ಪ್ಲಸ್ ಇರುವ ಕಾರ್ಬನ್ ಕಡೆ. ಬಹಳ ಜನ ಬಾಣವನ್ನು ಪ್ಲಸ್‌ನಿಂದ ಶುರು ಮಾಡ್ತಾರೆ. ಪ್ಲಸ್ ಅನ್ನೋದು ಖಾಲಿ ಜಾಗ, ಖಾಲಿ ಜಾಗ ಎಲ್ಲಿಗೂ ನಡೆದುಕೊಂಡು ಹೋಗಲ್ಲ.

ಎರಡನೆಯದನ್ನು ನೀವೇ ಬರೆದು ನೋಡಿ. ಮೆಥೈಲ್ ಸರಿದ ಮೇಲೆ ಪ್ಲಸ್ ಇರುವ ಕಾರ್ಬನ್‌ಗೆ ಎಷ್ಟು ಕಾರ್ಬನ್ ಅಂಟಿರುತ್ತೆ?

ರಾತ್ರಿದೀಪ

ಬರೆದೆ. ಮೂರನೇ ಕಾರ್ಬನ್‌ಗೆ ಒಂದು ಮೆಥೈಲ್ ಹೋಯ್ತು. ಉಳಿದದ್ದು ಒಂದು ಮೆಥೈಲ್, ಒಂದು H, ಎರಡನೇ ಕಾರ್ಬನ್. ಅಂದ್ರೆ ಮತ್ತೆ ಸೆಕೆಂಡರಿ! ಸುಮ್ನೆ ಸರಿದಂಗಾಯ್ತು, ಲಾಭ ಏನೂ ಇಲ್ಲ.

ತಮಾಷೆ ಏನಂದ್ರೆ ಅದರ ಅಸ್ಥಿಪಂಜರ ಮೊದಲಿನಂತೆಯೇ ಕಾಣ್ತಿದೆ.

ಹಳೇ ಡಸ್ಟರ್

ಹೌದು, ಹೆಸರಿಟ್ಟು ನೋಡಿದರೆ ಹಳೆಯ ಕ್ಯಾಟಯಾನೇ ಮತ್ತೆ ಬಂದಿದೆ. ಹಾಗಾಗಿ ಮೆಥೈಲ್ ಸರಿದರೂ ಸಿಗೋದು ನಿಮ್ಮ ಬಿ ಪ್ರಾಡಕ್ಟೇ. H ಸರಿದಾಗ ಮಾತ್ರ ಟರ್ಷಿಯರಿ.

ಕೀ ಮೇಲೆ ಕಣ್ಣು

ನನಗೆ ಈ ಥರದ ಪ್ರಶ್ನೆ ಕಂಡರೆ ಸಿಟ್ಟು ಬರುತ್ತೆ. ಒಂದು ಅಧ್ಯಾಯದಲ್ಲಿ ಮಾರ್ಕೋವ್‌ನಿಕೋವ್ ರೂಲ್ ಬಾಯಿಪಾಠ ಮಾಡಿಸ್ತಾರೆ, ಟೆಸ್ಟ್‌ನಲ್ಲಿ ಆ ರೂಲ್ ಪ್ರಕಾರ ಬರೆದವನಿಗೆ ಸೊನ್ನೆ. ಹಾಗಾದ್ರೆ ರೂಲ್ ತಪ್ಪಾ?

ಹಳೇ ಡಸ್ಟರ್

ಸಿಟ್ಟು ನ್ಯಾಯವಾದದ್ದೇ. ಮಾರ್ಕೋವ್‌ನಿಕೋವ್ ಆ ಮಾತು ಹೇಳಿದ್ದು 1869-70 ರ ಸುಮಾರಿಗೆ. ಆಗ ಎಲೆಕ್ಟ್ರಾನ್ ಅನ್ನೋದನ್ನೇ ಯಾರೂ ಕಂಡಿರಲಿಲ್ಲ, ಅದು ಸಿಕ್ಕಿದ್ದು 1897 ರಲ್ಲಿ. ಪ್ರಯೋಗದಲ್ಲಿ ಕಂಡದ್ದನ್ನು H ಎಣಿಸುವ ಭಾಷೆಯಲ್ಲಿ ಅವರು ಹೇಳಿದರು. ಕಾರ್ಬನ್ ಅಸ್ಥಿಪಂಜರವೇ ಬದಲಾಗೋದು ಯಾಕೆ ಅನ್ನೋದನ್ನು ವಿಟ್ಮೋರ್ ಕ್ಯಾಟಯಾನ್ ಮೂಲಕ ವಿವರಿಸಿದ್ದು 1932 ರಲ್ಲಿ. ನಡುವೆ ಅರವತ್ತು ವರ್ಷಕ್ಕೂ ಜಾಸ್ತಿ. H ಎಣಿಕೆಯ ರೂಲ್‌ಗೆ ಈ ಸರಿದಾಟ ಗೊತ್ತಿಲ್ಲ. H ಮೊದಲು ಎಲ್ಲಿ ಹೋಗಿ ಕೂರುತ್ತೆ ಅಂತ ಅದು ಹೇಳುತ್ತೆ. ಆ ಕೆಲಸಕ್ಕೆ ಇವತ್ತಿಗೂ ಸರಿ. Br ಕೊನೆಗೆ ಎಲ್ಲಿ ಕೂರುತ್ತೆ ಅಂತ ಅದನ್ನು ಕೇಳಿದರೆ ಕೆಲವು ಸಲ ಕೈ ಕೊಡುತ್ತೆ.

ಸೂತ್ರಧಾರಿ

ಮೇಷ್ಟ್ರೇ, ನನ್ನ ರೂಲ್‌ನಲ್ಲಿ ಏನು ತಪ್ಪು ಅಂತ ಹೇಳಲೇ ಇಲ್ಲ. ಕೊಂಬೆ ಇದ್ದರೆ ಶಿಫ್ಟ್. ಇಲ್ಲೂ ಅದೇ ಆಯ್ತಲ್ಲ?

ಹಳೇ ಡಸ್ಟರ್

ಸರಿ, ಒಂದು ಆಲ್ಕೀನ್ ಕೊಡ್ತೀನಿ: 3,3-ಡೈಮೆಥೈಲ್-1-ಬ್ಯೂಟೀನ್. ಪಕ್ಕದಲ್ಲಿ ನೀವು ಹೇಳಿದ ಕೊಂಬೆ ಭರ್ತಿ ಇದೆ.

```
CH2=CH-C(CH3)3
```

ಇದಕ್ಕೆ ನೀರಿನ ಅಂಶ ಸೇರಿಸಿ ಆಲ್ಕೊಹಾಲ್ ಮಾಡಬೇಕು. ಮೂರು ದಾರಿ. ಒಂದು, ಆಸಿಡ್ ಜೊತೆ ನೀರು. ಎರಡು, ಮರ್ಕ್ಯುರಿಕ್ ಅಸಿಟೇಟ್ ಮತ್ತು ನೀರು, ಆಮೇಲೆ NaBH4. ಮೂರು, BH3, ಆಮೇಲೆ H2O2 ಮತ್ತು NaOH. ಮೂರಕ್ಕೂ ಉತ್ತರ ಹೇಳಿ.

ಸೂತ್ರಧಾರಿ

ಮೂರರಲ್ಲೂ ಕೊಂಬೆ ಜಾಗಕ್ಕೆ OH. ಮೂರನೆಯದು ಹೈಡ್ರೊಬೊರೇಶನ್, ಅದು ಉಲ್ಟಾ ಅಂತ ಗೊತ್ತು, ಅದನ್ನು ಬಿಡಿ. ಮೊದಲೆರಡರಲ್ಲಿ ಮೆಥೈಲ್ ಶಿಫ್ಟ್ ಆಗಿ 2,3-ಡೈಮೆಥೈಲ್-2-ಬ್ಯೂಟನಾಲ್.

ಹಳೇ ಡಸ್ಟರ್

ಮೊದಲನೆಯದು ಸರಿ. ಎರಡನೆಯದು ತಪ್ಪು. ಅಲ್ಲಿ ಸಿಗೋದು 3,3-ಡೈಮೆಥೈಲ್-2-ಬ್ಯೂಟನಾಲ್. OH ಎರಡನೇ ಕಾರ್ಬನ್ ಮೇಲೆ, ಮೂರು ಮೆಥೈಲ್‌ಗಳೂ ಇದ್ದಲ್ಲೇ ಇರುತ್ತವೆ.

ಕಾರಣ ಕೊಂಬೆಯಲ್ಲಿಲ್ಲ, ನಡುವೆ ಏನು ತಯಾರಾಗುತ್ತೆ ಅನ್ನೋದರಲ್ಲಿದೆ. ಆಸಿಡ್ ದಾರಿಯಲ್ಲಿ ಬಿಡಿ ಕ್ಯಾಟಯಾನ್ ಹುಟ್ಟುತ್ತೆ. ಎರಡನೇ ಕಾರ್ಬನ್ ಪೂರ್ತಿ ಖಾಲಿ ಇರುತ್ತೆ, ಪಕ್ಕದ ಮೆಥೈಲ್ ಜೋಡಿ ಸಮೇತ ಅಲ್ಲಿಗೆ ಸರಿಯಬಹುದು. ಮರ್ಕ್ಯುರಿ ದಾರಿಯಲ್ಲಿ Hg ಒಂದೇ ಹೊತ್ತಿಗೆ ಎರಡೂ ಕಾರ್ಬನ್‌ಗಳನ್ನು ಹಿಡಿದುಕೊಂಡು ಕೂತಿರುತ್ತೆ, ಸೇತುವೆ ಥರ. ಪೂರ್ತಿ ಖಾಲಿ ಜಾಗ ಅಂತ ಒಂದು ಇರೋದೇ ಇಲ್ಲ, ಹಾಗಾಗಿ ಯಾರೂ ಸರಿಯಲ್ಲ. ನೀರು ಬಂದು ಎರಡನೇ ಕಾರ್ಬನ್‌ಗೆ ಹೊಡೆಯುತ್ತೆ, ಅಷ್ಟೇ. ಮೂರನೇ ದಾರಿಯಲ್ಲಿ ಬೋರಾನ್ ಮತ್ತು H ಒಂದೇ ಹೆಜ್ಜೆಯಲ್ಲಿ ಒಟ್ಟಿಗೆ ಸೇರುತ್ತವೆ, ಕ್ಯಾಟಯಾನ್ ಇಲ್ಲವೇ ಇಲ್ಲ. ಅಲ್ಲಿ 3,3-ಡೈಮೆಥೈಲ್-1-ಬ್ಯೂಟನಾಲ್.

ಒಂದೇ ಆಲ್ಕೀನ್, ಮೂರು ಆಲ್ಕೊಹಾಲ್. ಕೊಂಬೆ ನೋಡಿ ಕಣ್ಣು ಮುಚ್ಚಿದ್ದರೆ ಎರಡು ಅಂಕ ಹೋಗ್ತಿತ್ತು.

ಸೂತ್ರಧಾರಿ

ಹೂಂ. ಒಪ್ಪಿದೆ. ನಾನು ಇಲ್ಲಿವರೆಗೆ ಸರಿ ಬಂದಿದ್ದು ಎಲ್ಲ ಪ್ರಶ್ನೆಯೂ HX ಬಗ್ಗೆಯೇ ಇದ್ದಿದ್ದಕ್ಕೆ ಅನ್ಸುತ್ತೆ.

ಅವಸರದ ಅಣು

ಹಾಗಾದ್ರೆ ನನ್ನ ಪೆರಾಕ್ಸೈಡ್ ಕೇಸ್‌ನಲ್ಲೂ ಶಿಫ್ಟ್ ಆಗಬೇಕಲ್ವಾ? ರ‍್ಯಾಡಿಕಲ್ ಕೂಡ ಟರ್ಷಿಯರಿ ಆದರೆ ಆರಾಮು ಅಂತ ಓದಿದ್ದೆ. ಆದ್ರೂ ಉತ್ತರ ಎ ಅಂತಲೇ ಕೊಡ್ತಾರೆ.

ಹಳೇ ಡಸ್ಟರ್

ಒಳ್ಳೆ ಪ್ರಶ್ನೆ, ಮೊದಲ ಕಾಮೆಂಟಿಗೆ ಕ್ಷಮೆ ಸಿಕ್ತು. ಪೆರಾಕ್ಸೈಡ್ ಇದ್ದರೆ Br ಮೊದಲು ಬರುತ್ತೆ, ತುದಿಯ ಕಾರ್ಬನ್‌ಗೆ ಕೂರುತ್ತೆ, ಒಂಟಿ ಎಲೆಕ್ಟ್ರಾನ್ ಎರಡನೇ ಕಾರ್ಬನ್ ಮೇಲೆ ಉಳಿಯುತ್ತೆ. ಪಕ್ಕದ ಕಾರ್ಬನ್ ಟರ್ಷಿಯರಿ ಆಗಬಹುದಿತ್ತು ಅನ್ನೋದು ನಿಜ. ಆದರೆ ಈ ಥರದ ಸಾದಾ ಆಲ್ಕೈಲ್ ರ‍್ಯಾಡಿಕಲ್‌ಗಳಲ್ಲಿ H ಅಥವಾ ಮೆಥೈಲ್ ಹೀಗೆ ಪಕ್ಕಕ್ಕೆ ಹಾರೋದಿಲ್ಲ. ಕ್ಯಾಟಯಾನ್‌ನಲ್ಲಿ ಸರಿಯುವ ಜೋಡಿಗೆ ಪೂರ್ತಿ ಖಾಲಿ ಜಾಗ ಸಿಗುತ್ತೆ. ರ‍್ಯಾಡಿಕಲ್‌ನಲ್ಲಿ ಆ ಜಾಗದಲ್ಲಿ ಆಗಲೇ ಒಂದು ಎಲೆಕ್ಟ್ರಾನ್ ಕೂತಿದೆ. ಬರುವ ಜೋಡಿ ಸೇರಿದರೆ ಮೂರಾಗುತ್ತೆ, ಮೂರನೆಯದಕ್ಕೆ ಒಳ್ಳೆಯ ಜಾಗ ಇಲ್ಲ. ಅದಕ್ಕೇ ಅಲ್ಲಿ 1-ಬ್ರೋಮೊ-3-ಮೆಥೈಲ್‌ಬ್ಯೂಟೇನ್, ಯಾವ ಸರಿದಾಟವೂ ಇಲ್ಲದೆ.

ಬೀಕರ್ ಭಾಗ್ಯ

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡೋಳು. ಒಂದು ಮಾತು ಸೇರಿಸಲೇಬೇಕು. ಇಲ್ಲಿ ಎಲ್ಲರೂ ಸಿ ಒಂದೇ ಬರುತ್ತೆ ಅನ್ನೋ ಥರ ಮಾತಾಡ್ತಿದ್ದೀರಿ. ಫ್ಲಾಸ್ಕ್‌ನಲ್ಲಿ ಹಾಗಿರಲ್ಲ. ಇದೇ ಆಲ್ಕೀನ್‌ಗೆ HCl ಹಾಕಿದಾಗ ಟರ್ಷಿಯರಿ ಕ್ಲೋರೈಡ್ ಸುಮಾರು 60, ಸೆಕೆಂಡರಿ ಸುಮಾರು 40 ಅಂತ ಪುಸ್ತಕಗಳಲ್ಲಿ ಬರುತ್ತೆ. ಹೆಚ್ಚು ಕಡಿಮೆ ಅರ್ಧರ್ಧ ಅಂತ ಬರೆಯೋರೂ ಇದ್ದಾರೆ. ರಾತ್ರಿದೀಪ ಬರೆದ ಪ್ರಾಡಕ್ಟ್ ಹುಸಿ ಅಲ್ಲ, ಅದೂ ಅಲ್ಲೇ ಇರುತ್ತೆ, ಅದೂ ದಂಡಿಯಾಗಿ.

ಕೀ ಮೇಲೆ ಕಣ್ಣು

ನೋಡಿದ್ರಾ! 60:40 ಇರುವಾಗ 40 ಬರೆದವನಿಗೆ ಸೊನ್ನೆ ಕೊಡೋದು ಯಾವ ನ್ಯಾಯ?

ಬೀಕರ್ ಭಾಗ್ಯ

ಪ್ರಶ್ನೆ ಮೇಜರ್ ಯಾವುದು ಅಂತ ಕೇಳಿದೆಯಲ್ಲ, 60 ಮೇಜರೇ. ಆದರೆ 40 ಯಾಕೆ ಉಳಿಯುತ್ತೆ ಅನ್ನೋದನ್ನು ಮೆಕ್ಯಾನಿಸಮ್ ಬರೆದವರು ಮಾತ್ರ ಹೇಳಬಲ್ಲರು. ಸೆಕೆಂಡರಿ ಕ್ಯಾಟಯಾನ್ ಹುಟ್ಟಿದ ಗಳಿಗೆಯಲ್ಲಿ ಎರಡು ಕೆಲಸ ಪೈಪೋಟಿಗೆ ಬೀಳ್ತವೆ. H ಪಕ್ಕದಿಂದ ಸರಿಯೋದು ಒಂದು. ಅಲ್ಲೇ ಹತ್ತಿರ ಇರುವ ಹ್ಯಾಲೈಡ್ ಬಂದು ಕೂತುಬಿಡೋದು ಇನ್ನೊಂದು. H ಸರಿಯೋದು ತುಂಬಾ ವೇಗ, ಆದರೆ ಹ್ಯಾಲೈಡ್ ಕೂಡ ದೂರ ಏನಿಲ್ಲ, ಅದು ತಾನು ಬಿಟ್ಟುಕೊಟ್ಟ H ನ ಪಕ್ಕದಲ್ಲೇ ಇತ್ತು. ಸರಿಯುವ ಮೊದಲೇ ಸಿಕ್ಕಿಬಿದ್ದ ಪಾಲು ಬಿ ಆಗುತ್ತೆ.

ಹಾಗಾಗಿ "ಟರ್ಷಿಯರಿ ಆರಾಮು, ಆದ್ದರಿಂದ ಎಲ್ಲ ಅಲ್ಲಿಗೇ" ಅನ್ನೋದೂ ಅರ್ಧ ಮೆಕ್ಯಾನಿಸಮ್.

ರಾತ್ರಿದೀಪ

ಮೇಡಂ, ಎರಡೂ C5H11Br. ತೂಕ ಒಂದೇ, ಸೂತ್ರ ಒಂದೇ. ಎಷ್ಟು ಯಾವುದು ಅಂತ ಹೇಗೆ ಅಳೀತೀರಿ?

ಸೂತ್ರಧಾರಿ

ಸಿಲ್ವರ್ ನೈಟ್ರೇಟ್ ಟೆಸ್ಟ್. ಆಲ್ಕೊಹಾಲ್‌ನಲ್ಲಿ ಕರಗಿಸಿ ಎರಡು ಹನಿ ಹಾಕಿ. ಟರ್ಷಿಯರಿ ಆದರೆ ತಕ್ಷಣ ತಿಳಿಹಳದಿ AgBr ಕೆಳಗೆ ಕೂರುತ್ತೆ, ಸೆಕೆಂಡರಿ ಆದರೆ ನಿಧಾನ. ಮುಗೀತು.

ಬೀಕರ್ ಭಾಗ್ಯ

ಶುದ್ಧ ಬಾಟಲಿ ಎರಡು ಪಕ್ಕಪಕ್ಕ ಇಟ್ಟರೆ ಸರಿ. ಮಿಶ್ರಣದಲ್ಲಿ ಅದು ಮೋಸ ಮಾಡುತ್ತೆ. 40 ಪಾಲು ಟರ್ಷಿಯರಿ ಇದ್ದರೂ ತಕ್ಷಣ ಕೂರುತ್ತೆ, 90 ಪಾಲು ಇದ್ದರೂ ತಕ್ಷಣ ಕೂರುತ್ತೆ. ಎಷ್ಟು ಅಂತ ಹೇಳಲ್ಲ.

ನಾನಾದ್ರೆ ಪ್ರೋಟಾನ್ ಎನ್‌ಎಂಆರ್ ತೆಗೀತೀನಿ. ಬಿ ಯಲ್ಲಿ Br ಇರುವ ಕಾರ್ಬನ್ ಮೇಲೆ ಒಂದು H ಇದೆ. ಅದು 4 ppm ಸುಮಾರಿಗೆ ಒಂಟಿಯಾಗಿ ನಿಲ್ಲುತ್ತೆ. ಸಿ ಯಲ್ಲಿ Br ಇರುವ ಕಾರ್ಬನ್ ಮೇಲೆ H ಇಲ್ಲವೇ ಇಲ್ಲ, ಅದರ ಎಲ್ಲ H ಗಳೂ 2 ರಿಂದ ಕೆಳಗೆ. ಕೆಳಗಡೆ ಎರಡರದ್ದೂ ಒಂದರ ಮೇಲೊಂದು ಬಿದ್ದು ಗಲಾಟೆ, ಅಲ್ಲಿ ಬಿಡಿಸೋಕೆ ಹೋಗಬೇಡಿ. ಎರಡೂ ಅಣುವಿನಲ್ಲಿ ಒಟ್ಟು 11 H ಅನ್ನೋದು ಗೊತ್ತಿದೆಯಲ್ಲ, ಅದು ಸಾಕು.

ಉದಾಹರಣೆಗೆ 4 ರ ಹತ್ತಿರದ ಸಿಗ್ನಲ್‌ನ ವಿಸ್ತೀರ್ಣ 1 ಅಂತ ಇಟ್ಟುಕೊಳ್ಳಿ. ಇಡೀ ಸ್ಪೆಕ್ಟ್ರಮ್‌ನ ಒಟ್ಟು 27.5 ಬಂತು ಅಂದುಕೊಳ್ಳಿ. 27.5 ನ್ನು 11 ರಿಂದ ಭಾಗಿಸಿದರೆ 2.5, ಅಂದ್ರೆ ಒಟ್ಟು 2.5 ಪಾಲು ಅಣು. ಅದರಲ್ಲಿ 1 ಪಾಲು ಬಿ. ಲೆಕ್ಕ ಹಾಕಿ, 40 ಶೇಕಡಾ. ಉಳಿದ 60 ಸಿ. ಇದು ನಡೆಯಬೇಕಾದರೆ ಆಲ್ಕೀನ್ ಪೂರ್ತಿ ಮುಗಿದಿರಬೇಕು. 5 ರಿಂದ 6 ರ ನಡುವೆ ಏನಾದ್ರೂ ಎದ್ದು ನಿಂತಿದ್ದರೆ ಆಲ್ಕೀನ್ ಉಳಿದಿದೆ ಅಂತ, ಆಗ ಒಟ್ಟು ಲೆಕ್ಕ ಕೆಡುತ್ತೆ. ಸಾಲ್ವೆಂಟ್ ಸಿಗ್ನಲ್ ಸೇರಿಸಿಕೊಂಡು ಎಣಿಸೋರೂ ಇದ್ದಾರೆ, ನಾನೇ ಒಂದು ಸಲ ಹಾಗೆ ಮಾಡಿ ಒಂದು ಮಧ್ಯಾಹ್ನ ಕಳೆದಿದ್ದೀನಿ.

ರಾತ್ರಿದೀಪ

ಇದು ಚೆನ್ನಾಗಿದೆ. ನನ್ನ ಬಿ 4 ರ ಹತ್ತಿರ ಒಂಟಿಯಾಗಿ ನಿಂತಿರೋದನ್ನು ನೆನೆಸಿಕೊಂಡು ಸ್ವಲ್ಪ ಸಮಾಧಾನ ಆಯ್ತು.

ಕೀ ಮೇಲೆ ಕಣ್ಣು

ನನಗೆ ಇನ್ನೊಂದು ಅನುಮಾನ. ಈ ಶಿಫ್ಟ್ ಅನ್ನೋದನ್ನು ಯಾರು ನೋಡಿದ್ದಾರೆ? ಮೊದಲು ಆಲ್ಕೀನೇ ಆಸಿಡ್‌ನಲ್ಲಿ ಬದಲಾಗಿ 2-ಮೆಥೈಲ್-2-ಬ್ಯೂಟೀನ್ ಆಗಿ, ಆಮೇಲೆ ಅದಕ್ಕೆ HBr ಸೇರಿ ಸಿ ಬಂದಿರಬಾರದೇಕೆ? ಆಗ ಯಾರೂ ಎಲ್ಲಿಗೂ ಹಾರಬೇಕಿಲ್ಲ, ಮಾರ್ಕೋವ್‌ನಿಕೋವ್ ರೂಲೂ ಉಳಿಯುತ್ತೆ.

ಹಳೇ ಡಸ್ಟರ್

ಇದು ಜಗಳಕ್ಕೆ ಕೇಳಿದ ಪ್ರಶ್ನೆ ಆದರೂ ಒಳ್ಳೆಯದು. ಮೊದಲು ಒಂದು ತೊಡಕು: ಆ ಆಲ್ಕೀನ್ ಆಗಬೇಕಾದರೂ ಪ್ಲಸ್ ಮೂರನೇ ಕಾರ್ಬನ್‌ಗೆ ಹೋಗಬೇಕು, ಇಲ್ಲವೇ ಎರಡನೇ ಕಾರ್ಬನ್ ಮೇಲೆ ಪ್ಲಸ್ ಇರುವಾಗ ಮೂರನೇ ಕಾರ್ಬನ್ ಮೇಲಿನ H⁺ ಬಿಟ್ಟು ಹೋಗಬೇಕು. ಎರಡನೇ ದಾರಿಯಲ್ಲಿ ಶಿಫ್ಟ್ ಬೇಕಿಲ್ಲ, ನಿಮ್ಮ ವಾದ ಅಲ್ಲಿ ನಿಲ್ಲುತ್ತೆ. ಹಾಗಾದರೆ ಎರಡನ್ನೂ ಬೇರ್ಪಡಿಸೋದು ಹೇಗೆ? HBr ಬದಲು DBr ಹಾಕಿದ್ದೇವೆ ಅಂದುಕೊಳ್ಳಿ. D ಅಂದ್ರೆ ಡ್ಯೂಟೀರಿಯಮ್, H ನದೇ ಭಾರವಾದ ರೂಪ.

ನೇರ ಶಿಫ್ಟ್ ಆದರೆ D ಒಂದೇ ಒಂದು ಬರುತ್ತೆ, ಅದೂ ತುದಿಯ ಕಾರ್ಬನ್ ಮೇಲೆ. ಎರಡನೇ ಕಾರ್ಬನ್‌ಗೆ ಬಂದದ್ದು ಪಕ್ಕದ ಮನೆಯ ಹಳೇ H.

```
CH2D-CH2-CBr(CH3)2
```

ನಿಮ್ಮ ದಾರಿ ಆದರೆ ಮೊದಲ D ತುದಿಗೆ ಬಂತು, ಮೂರನೇ ಕಾರ್ಬನ್‌ನ H ಹೊರಗೆ ಹೋಯ್ತು, ಹೊಸ ಆಲ್ಕೀನ್ ಆಯ್ತು. ಅದಕ್ಕೆ ಮತ್ತೆ D ಬರಬೇಕು. ಅದು ಎರಡನೇ ಕಾರ್ಬನ್ ಮೇಲೆ ಕೂರುತ್ತೆ.

```
CH2D-CHD-CBr(CH3)2
```

ಎರಡು D. ಮಾಸ್ ಸ್ಪೆಕ್ಟ್ರಮ್‌ನಲ್ಲಿ ಒಂದು ಅಂಕ ಜಾಸ್ತಿ ಭಾರ. ಪ್ಲಸ್ ಎಲ್ಲಿ ಇತ್ತು ಅಂತ ಯಾರೂ ಕಣ್ಣಿಂದ ನೋಡಬೇಕಿಲ್ಲ, ಹಳೇ H ಒಳಗೇ ಉಳಿಯಿತೋ ಹೊರಗೆ ಹೋಯಿತೋ ಅಂತ ಎಣಿಸಿದರೆ ಸಾಕು.

ಕೀ ಮೇಲೆ ಕಣ್ಣು

ಸರಿ, ಸರಿ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದ್ರೂ 60:40 ಇರುವ ರಿಯಾಕ್ಷನ್ ಅನ್ನು ನಾಲ್ಕು ಆಯ್ಕೆಯ ಪ್ರಶ್ನೆ ಮಾಡಬಾರದು ಅನ್ನೋ ಮಾತಿಗೆ ನಾನು ಅಂಟಿಕೊಂಡೇ ಇರ್ತೀನಿ.

ಹಳೇ ಡಸ್ಟರ್

ನಾನಾಗಿದ್ದರೆ "ಎರಡು ಪ್ರಾಡಕ್ಟ್ ಬರೆದು, ಎರಡೂ ಹೇಗೆ ಬಂದವು ಅಂತ ಬಾಣ ಹಾಕಿ" ಅಂತ ಕೇಳ್ತಿದ್ದೆ. ತಿದ್ದೋಕೆ ಮಾತ್ರ ರಾತ್ರಿಯಿಡೀ ಬೇಕು.

ಐದನೇ ಬೆಂಚ್

ಇದನ್ನು ಓದ್ತಾ ನನ್ನ ಒಂದು ತಪ್ಪು ನೆನಪಾಯ್ತು. ನನ್ನದು ಆಲ್ಕೀನ್ ಅಲ್ಲ, ಆಲ್ಕೊಹಾಲ್. 3,3-ಡೈಮೆಥೈಲ್-2-ಬ್ಯೂಟನಾಲ್‌ನಿಂದ ಆಸಿಡ್ ಹಾಕಿ ಕಾಯಿಸಿ ನೀರು ತೆಗೆಯೋದು. ಪಕ್ಕದಲ್ಲಿ H ಇರೋದು ಒಂದೇ ಕಡೆ, ಹಾಗಾಗಿ 3,3-ಡೈಮೆಥೈಲ್-1-ಬ್ಯೂಟೀನ್ ಬಿಟ್ಟು ಬೇರೆ ಏನೂ ಆಗೋಕೆ ಸಾಧ್ಯವೇ ಇಲ್ಲ ಅಂತ ಧೈರ್ಯವಾಗಿ ಬರೆದೆ. ತಪ್ಪು ಅಂದ್ರು. ಅದು ಇದೇ ಜಾತಿಯದಾ?

ಬೀಕರ್ ಭಾಗ್ಯ

ಇದೇ ಜಾತಿ, ಇನ್ನೂ ಜೋರು. ನೀರು ಹೋದ ಮೇಲೆ ಸೆಕೆಂಡರಿ ಕ್ಯಾಟಯಾನ್, ಪಕ್ಕದಿಂದ ಮೆಥೈಲ್ ಸರಿದು ಟರ್ಷಿಯರಿ. ಫಾಸ್ಫಾರಿಕ್ ಆಸಿಡ್ ಜೊತೆ ಕಾಯಿಸಿದಾಗ 2,3-ಡೈಮೆಥೈಲ್-2-ಬ್ಯೂಟೀನ್ ಸುಮಾರು 64, 2,3-ಡೈಮೆಥೈಲ್-1-ಬ್ಯೂಟೀನ್ ಸುಮಾರು 33. ನೀವು ಧೈರ್ಯವಾಗಿ ಬರೆದದ್ದು 3. ರಾತ್ರಿದೀಪ ಅವರ ಕೇಸ್‌ನಲ್ಲಿ ಹ್ಯಾಲೈಡ್ ಪಕ್ಕದಲ್ಲೇ ಕಾದು ಕೂತಿತ್ತು. ಇಲ್ಲಿ ಕ್ಯಾಟಯಾನನ್ನು ಕಟ್ಟಿಹಾಕೋಕೆ ಹಾಗೆ ಯಾರೂ ಇಲ್ಲ, ನೀರು ಬಂದು ಕೂತರೂ ಬಿಸಿ ಆಸಿಡ್‌ನಲ್ಲಿ ಮತ್ತೆ ಎದ್ದು ಹೋಗುತ್ತೆ. ಅದಕ್ಕೇ ಸರಿದಾಟ ಹೆಚ್ಚು ಕಡಿಮೆ ಪೂರ್ತಿ ಆಗುತ್ತೆ.

ಐದನೇ ಬೆಂಚ್

3 ಶೇಕಡಾ! ನಾನು ಟೀಚರ್ ಜೊತೆ ವಾದ ಮಾಡಿದ್ದೆ ಬೇರೆ.

ಹಾಗಾದ್ರೆ ಇದನ್ನೂ ಹೇಳಿ. ಸೈಕ್ಲೊಬ್ಯೂಟೇನ್ ರಿಂಗ್‌ಗೆ ವಿನೈಲ್ ಅಂಟಿಸಿ HBr ಹಾಕಿದ್ದಾರೆ. ಉತ್ತರದಲ್ಲಿ 1-ಬ್ರೋಮೊ-2-ಮೆಥೈಲ್‌ಸೈಕ್ಲೊಪೆಂಟೇನ್ ಅಂತಿದೆ. ನಾಲ್ಕು ಮೂಲೆ ರಿಂಗ್ ಐದು ಮೂಲೆ ಹೇಗಾಯ್ತು?

ಹಳೇ ಡಸ್ಟರ್

ಪ್ಲಸ್ ರಿಂಗ್‌ನ ಪಕ್ಕದಲ್ಲೇ, ಹೊರಗಡೆ ಇದೆ. ಈ ಸಲ ಸರಿಯೋದು H ಅಲ್ಲ, ಮೆಥೈಲೂ ಅಲ್ಲ, ರಿಂಗ್‌ನದೇ ಒಂದು C–C ಬಾಂಡ್. ಅದು ಹೊರಗಿನ ಕಾರ್ಬನ್ ಕಡೆ ವಾಲಿದರೆ ಆ ಕಾರ್ಬನ್ ರಿಂಗ್ ಒಳಗೆ ಸೇರಿಕೊಳ್ಳುತ್ತೆ. ಸೈಕ್ಲೊಬ್ಯೂಟೇನ್‌ನಲ್ಲಿ ರಿಂಗ್ ಸ್ಟ್ರೇನ್ ಸುಮಾರು 110 kJ/mol, ಸೈಕ್ಲೊಪೆಂಟೇನ್‌ನಲ್ಲಿ ಸುಮಾರು 26. ಇಷ್ಟು ಹಗುರ ಆಗೋದರಿಂದ ಸೆಕೆಂಡರಿಯಿಂದ ಸೆಕೆಂಡರಿಗೆ ಹೋದರೂ ಲಾಭವೇ.

ಆದರೆ ನಿಮ್ಮ ಉತ್ತರ ಪತ್ರಿಕೆ ಅಲ್ಲಿಗೇ ನಿಂತದ್ದು ನನಗೆ ಹಿಡಿಸಲಿಲ್ಲ. ರಿಂಗ್ ಅಗಲ ಆದ ಮೇಲೆ ಪ್ಲಸ್ ಪಕ್ಕದ ಕಾರ್ಬನ್ ಮೇಲೆ ಮೆಥೈಲ್ ಇದೆ, H ಇದೆ. ಆ H ಸರಿದರೆ ಟರ್ಷಿಯರಿ. ನಾನು 1-ಬ್ರೋಮೊ-1-ಮೆಥೈಲ್‌ಸೈಕ್ಲೊಪೆಂಟೇನ್ ಬರೀತಿದ್ದೆ.

ಸೂತ್ರಧಾರಿ

ಮೇಷ್ಟ್ರೇ, ಒಂದು ನಿಮಿಷ. ಶುರುವಿನಲ್ಲೇ ಸೈಕ್ಲೊಬ್ಯೂಟೇನ್ ರಿಂಗ್ ಮೇಲಿನ H ಹೊರಗೆ ಸರಿದರೆ ಒಂದೇ ಹೆಜ್ಜೆಗೆ ಟರ್ಷಿಯರಿ ಬರುತ್ತಲ್ಲ? ಅದು ಯಾಕಲ್ಲ? ಈ ಸಲ ಕಣ್ಣು ಮುಚ್ಚಿ ಹೇಳ್ತಿಲ್ಲ, ಬರೆದು ನೋಡಿಯೇ ಕೇಳ್ತಿದ್ದೀನಿ.

ಹಳೇ ಡಸ್ಟರ್

ಬರುತ್ತೆ, ಆದರೆ ಸ್ಟ್ರೇನ್ ಇರುವ ರಿಂಗ್ ಹಾಗೇ ಉಳಿಯುತ್ತೆ. ಮೂರು ಕಾರ್ಬನ್‌ಗೆ ಅಂಟಿದ ಪ್ಲಸ್ ಸುತ್ತ 120 ಡಿಗ್ರಿ ಬೇಕು, ನಾಲ್ಕು ಮೂಲೆಯಲ್ಲಿ ಸಿಗೋದು 90 ರ ಆಸುಪಾಸು. ಅದಕ್ಕೇ ನಾನು ರಿಂಗ್ ಅಗಲ ಆಗುವ ಕಡೆ.

ಬೀಕರ್ ಭಾಗ್ಯ

ನಾನು ಅಷ್ಟು ಧೈರ್ಯವಾಗಿ ಒಂದೇ ಪ್ರಾಡಕ್ಟ್ ಬರೆಯಲ್ಲ. ಮೊದಲ ಕ್ಯಾಟಯಾನ್‌ಗೇ Br ಬಂದು ಕೂತ ಪಾಲು, ರಿಂಗ್ ಅಗಲ ಆದ ಮೇಲೆ ಕೂತ ಪಾಲು, ಕೊನೆಗೆ ಟರ್ಷಿಯರಿ ಮೇಲೆ ಕೂತ ಪಾಲು, ಮೂರೂ ಫ್ಲಾಸ್ಕ್‌ನಲ್ಲಿ ಇರಬಹುದು. ಮೊದಲೆರಡರಲ್ಲೂ 4 ರ ಸುತ್ತಮುತ್ತ ಒಂದೊಂದು H ಕಾಣುತ್ತೆ, ಕೊನೆಯದರಲ್ಲಿ ಕಾಣಲ್ಲ. ಮೇಷ್ಟ್ರು ಸರಿ ಇದ್ದರೆ ಆ ಜಾಗ ಹೆಚ್ಚು ಕಡಿಮೆ ಖಾಲಿ ಇರಬೇಕು.

ಐದನೇ ಬೆಂಚ್

ನನ್ನ ರಫ್ ಹಾಳೆಯಲ್ಲಿ ಈಗ ನಾಲ್ಕು ಕ್ಯಾಟಯಾನ್ ಇವೆ. ಆಯ್ಕೆಗಳಲ್ಲಿ ಮೇಷ್ಟ್ರು ಹೇಳಿದ್ದು ಇರಲೇ ಇಲ್ಲ, ಅದೊಂದೇ ಬೇಜಾರು.

ರಾತ್ರಿದೀಪ

ನಾನು ಹಳೇ ಟೆಸ್ಟ್ ಹಾಳೆ ತೆಗೆದು, HX ಬಂದ ಆರು ಪ್ರಶ್ನೆಗಳಿಗೂ ನಡುವಿನ ಕ್ಯಾಟಯಾನ್ ಬರೆದು ನೋಡಿದೆ. ನಾಲ್ಕರಲ್ಲಿ ಏನೂ ಬದಲಾಗಲಿಲ್ಲ. ಒಂದರಲ್ಲಿ ಪಕ್ಕದ ಕಾರ್ಬನ್ ಕೂಡ ಸೆಕೆಂಡರಿಯೇ ಇತ್ತು, ಸರಿದರೂ ಲಾಭ ಇಲ್ಲ ಅಂತ ಬಿಟ್ಟೆ. ಇನ್ನೊಂದು 1-ಮೆಥೈಲ್‌ಸೈಕ್ಲೊಹೆಕ್ಸೀನ್, ಅಲ್ಲಿ ಶುರುವಿನಲ್ಲೇ ಟರ್ಷಿಯರಿ. ಸೂತ್ರಧಾರಿ ಅವರ ಹಳೇ ರೂಲ್ ಒಂದರಲ್ಲೂ ಬೇಕಾಗಲಿಲ್ಲ.

ಸೂತ್ರಧಾರಿ

ಆ ರೂಲ್ ಸತ್ತು ಹೋಗಿದೆ, ಮತ್ತೆ ಮತ್ತೆ ಎತ್ತಬೇಡಿ ಮಾರಾಯ್ರೆ.